ನನ್ನ ಮಾತು ತರಬೇತಿಗೆ ಬೇಡ ಎಂದಾಗ



ಕೃತಕ ಬುದ್ಧಿಮತ್ತೆ ಮತ್ತು ಖಾಸಗಿತನದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದರು. ಒಂದು ಸಂಜೆಗೆ ಅದು ಬಹಳ ದೊಡ್ಡ ವಿಷಯ. ಹಾಗಾಗಿ ಅವರ ಒಪ್ಪಿಗೆ ಪಡೆದು ಅದನ್ನು ಒಂದೇ ಒಂದು ಸ್ವಿಚ್ಚಿಗೆ ಇಳಿಸಿಕೊಂಡಿದ್ದೇನೆ. ಚಾಟ್‌ಜಿಪಿಟಿ, ಕ್ಲಾಡ್, ಜೆಮಿನೈ ಮುಂತಾದ ಸೇವೆಗಳ ಸೆಟ್ಟಿಂಗ್ಸ್ ಒಳಗೆ, ನಾಲ್ಕಾರು ಸಾಲುಗಳ ಕೆಳಗೆ, ಒಂದು ಸ್ವಿಚ್ ಇರುತ್ತದೆ. ನಮ್ಮ ಸಂಭಾಷಣೆಯನ್ನು ಮುಂದಿನ ಮಾದರಿಗಳ ತರಬೇತಿಗೆ ಬಳಸಬಹುದೇ ಬೇಡವೇ ಎಂದು ಅದು ಕೇಳುತ್ತದೆ. ಅನೇಕರು ಅದನ್ನು ನೋಡಿಯೇ ಇಲ್ಲ. ನೋಡಿದವರು ಅದನ್ನು ಆರಿಸಿ, ಇನ್ನು ನಾನು ಬರೆದದ್ದು ನನಗೂ ಯಂತ್ರಕ್ಕೂ ಬಿಟ್ಟು ಬೇರೆ ಯಾರಿಗೂ ತಿಳಿಯದು ಎಂದು ನಿರಾಳರಾಗುತ್ತಾರೆ. ಈ ಎರಡನೆಯವರ ನಂಬಿಕೆಯನ್ನು ಇಂದು ಸ್ವಲ್ಪ ಪರಿಶೀಲಿಸೋಣ. ಆ ಸ್ವಿಚ್ ಏನನ್ನು ಬದಲಿಸುತ್ತದೆ, ಏನನ್ನು ಬದಲಿಸುವುದಿಲ್ಲ ಎಂಬುದಷ್ಟೇ ನನ್ನ ವಿಷಯ.

ಸ್ವಿಚ್ ಬಂದದ್ದು ಹೇಗೆ

ಓಪನ್‌ಎಐ ಕಂಪನಿ ಚಾಟ್‌ಜಿಪಿಟಿಯನ್ನು ಸಾರ್ವಜನಿಕರಿಗೆ ತೆರೆದದ್ದು 2022ರ ನವೆಂಬರ್ 30ರಂದು. ಆಗ ಪರದೆಯ ಮೇಲೆ ಇಂಥ ಸ್ವಿಚ್ ಇರಲಿಲ್ಲ. 2023ರ ಮಾರ್ಚ್ ಕೊನೆಯಲ್ಲಿ ಇಟಲಿಯ ದತ್ತಾಂಶ ರಕ್ಷಣಾ ಪ್ರಾಧಿಕಾರ ಆ ದೇಶದಲ್ಲಿ ಸೇವೆಯನ್ನು ತಡೆಯಿತು. ಜನರ ಮಾಹಿತಿಯನ್ನು ಯಾವ ಕಾನೂನು ಆಧಾರದ ಮೇಲೆ ತರಬೇತಿಗೆ ಬಳಸುತ್ತೀರಿ ಎಂಬುದು ಅದು ಎತ್ತಿದ ಆಕ್ಷೇಪಗಳಲ್ಲಿ ಒಂದು. ಏಪ್ರಿಲ್ 25ರಂದು ಕಂಪನಿ ಚಾಟ್ ಇತಿಹಾಸವನ್ನು ಆರಿಸಿಡುವ ಅವಕಾಶ ಕೊಟ್ಟಿತು. ಆರಿಸಿದರೆ ಆ ಮಾತುಗಳು ತರಬೇತಿಗೆ ಹೋಗುವುದಿಲ್ಲ ಎಂದಿತು. ಏಪ್ರಿಲ್ 28ರಂದು ಇಟಲಿಯಲ್ಲಿ ಸೇವೆ ಮರಳಿ ಶುರುವಾಯಿತು.

ಆ ಮೊದಲ ಸ್ವಿಚ್ಚಿನಲ್ಲಿ ಒಂದು ತೊಡಕಿತ್ತು. ತರಬೇತಿ ಬೇಡವೆಂದರೆ ನಿಮ್ಮ ಹಳೆಯ ಮಾತುಕತೆಗಳ ಪಟ್ಟಿಯನ್ನೂ ಬಿಟ್ಟುಕೊಡಬೇಕಿತ್ತು. ಮುಂದೆ ಅವೆರಡನ್ನೂ ಬೇರ್ಪಡಿಸಿದರು. ಈಗ ಚಾಟ್‌ಜಿಪಿಟಿಯಲ್ಲಿ Settings ಒಳಗೆ Data controls ಎಂಬಲ್ಲಿಗೆ ಹೋದರೆ Improve the model for everyone ಎಂಬ ಸಾಲು ಸಿಗುತ್ತದೆ. ವೈಯಕ್ತಿಕ ಖಾತೆಗಳಲ್ಲಿ ಅದು ಮೊದಲಿನಿಂದಲೂ ಆನ್ ಆಗಿಯೇ ಇರುತ್ತದೆ. 2025ರ ನವೆಂಬರ್ 4ರಿಂದ ಭಾರತದಲ್ಲಿ ಚಾಟ್‌ಜಿಪಿಟಿ ಗೋ ಯೋಜನೆಯನ್ನು ಒಂದು ವರ್ಷ ಉಚಿತವಾಗಿ ಕೊಟ್ಟರು. ಅದೂ ವೈಯಕ್ತಿಕ ಖಾತೆಯೇ. ಹಣ ಕೊಡದೆ ಬಂದವರು, ತಿಂಗಳಿಗೆ ಹಣ ಕಟ್ಟುವವರು, ಇಬ್ಬರಿಗೂ ಇಲ್ಲಿ ಒಂದೇ ನಿಯಮ. ದುಡ್ಡು ಕೊಟ್ಟಿದ್ದೇನೆ, ಹಾಗಾಗಿ ನನ್ನ ಮಾತು ಸುರಕ್ಷಿತ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಂಪನಿ, ಕಾಲೇಜುಗಳು ಸಂಸ್ಥೆಯಾಗಿ ಕೊಳ್ಳುವ ಖಾತೆಗಳಲ್ಲಿ ಮಾತ್ರ ತರಬೇತಿ ಆರಂಭದಿಂದಲೇ ಆಫ್ ಆಗಿರುತ್ತದೆ. ತಂತ್ರಾಂಶ ಬರೆಯುವವರು ಎಪಿಐ ಮೂಲಕ ಕಳಿಸುವ ಮಾತುಗಳಿಗೂ 2023ರ ಮಾರ್ಚ್ 1ರಿಂದ ಅದೇ ನಿಯಮ.

ಮೂರು ಬೇರೆ ಬೇರೆ ಪ್ರಶ್ನೆಗಳು

ನೀವು ಟೈಪ್ ಮಾಡಿ ಕಳಿಸಿದ ಸಾಲಿನ ಬಗ್ಗೆ ಮೂರು ಪ್ರಶ್ನೆ ಕೇಳಬೇಕು. ಅದು ಕಂಪನಿಯ ಸರ್ವರ್‌ನಲ್ಲಿ ಎಷ್ಟು ದಿನ ಉಳಿಯುತ್ತದೆ? ಅದನ್ನು ಮನುಷ್ಯರು ಯಾರಾದರೂ ಓದಬಹುದೇ? ಅದರಿಂದ ಮುಂದಿನ ಮಾದರಿ ಕಲಿಯುತ್ತದೆಯೇ? ನಾವು ಈ ಮೂರನ್ನೂ ಸೇರಿಸಿ ಖಾಸಗಿತನ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಚಾಟ್‌ಜಿಪಿಟಿಯ ಸ್ವಿಚ್ ಉತ್ತರಿಸುವುದು ಮೂರನೆಯ ಪ್ರಶ್ನೆಗೆ ಮಾತ್ರ. ಅದನ್ನು ಆರಿಸಿದರೂ ನಿಮ್ಮ ಮಾತು ಇಂಟರ್‌ನೆಟ್ ದಾಟಿ ಕಂಪನಿಯ ಸರ್ವರ್‌ಗೆ ಹೋಗಲೇಬೇಕು. ಅಲ್ಲಿಗೆ ಹೋಗದಿದ್ದರೆ ಉತ್ತರವೇ ಬರುವುದಿಲ್ಲ. ನೀವು ಅಳಿಸುವವರೆಗೆ ಅದು ನಿಮ್ಮ ಖಾತೆಯಲ್ಲಿ ಕೂತಿರುತ್ತದೆ. ದುರ್ಬಳಕೆಯ ಅನುಮಾನ ಬಂದರೆ, ನೀವೇ ದೂರು ಕೊಟ್ಟರೆ, ಇಲ್ಲವೇ ಕಾನೂನಿನ ಅಗತ್ಯ ಬಿದ್ದರೆ, ಅಧಿಕೃತ ಸಿಬ್ಬಂದಿ ಅದನ್ನು ತೆರೆದು ನೋಡಬಹುದು.

ತರಬೇತಿ ಎಂದರೆ ಏನಾಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ನಿಮ್ಮ ಮಾತನ್ನು ನೀವು ಕಳಿಸಿದ ಕ್ಷಣದಲ್ಲೇ ಮಾದರಿ ನುಂಗಿಬಿಡುವುದಿಲ್ಲ. ಅನುಮತಿ ಇರುವ ಸಂಭಾಷಣೆಗಳನ್ನು ಕಂಪನಿ ಒಟ್ಟು ಹಾಕುತ್ತದೆ. ಅದರಲ್ಲಿ ಉಪಯೋಗಕ್ಕೆ ಬರುವುದನ್ನು ಆಯ್ದುಕೊಳ್ಳುತ್ತದೆ. ಇಮೇಲ್, ಫೋನ್ ಸಂಖ್ಯೆಯಂಥ ಗುರುತುಗಳನ್ನು ತಂತ್ರಾಂಶದಿಂದ ತೆಗೆಯಲು ನೋಡುತ್ತದೆ. ಹೀಗೆ ಉಳಿದದ್ದು ಮಾದರಿಗೆ ಉತ್ತರಿಸುವ ಬಗೆ ಕಲಿಸುವ ಉದಾಹರಣೆಯಾಗಬಹುದು, ಎರಡು ಉತ್ತರಗಳಲ್ಲಿ ಯಾವುದು ಮೇಲು ಎಂದು ತೋರಿಸುವ ಅಳತೆಗೋಲಾಗಬಹುದು, ಅಪಾಯದ ಪ್ರಶ್ನೆಗಳನ್ನು ಗುರುತಿಸುವ ತಂತ್ರಾಂಶಕ್ಕೆ ಪಾಠವಾಗಬಹುದು. ಅಂದರೆ ನೀವು ಕಳಿಸಿದ ದಿನಕ್ಕೂ ತರಬೇತಿಯ ದಿನಕ್ಕೂ ನಡುವೆ ವಾರಗಳೋ ತಿಂಗಳುಗಳೋ ಇರುತ್ತವೆ. ಸ್ವಿಚ್ಚಿಗೆ ಬೆಲೆ ಇರುವುದು ಈ ಅವಧಿಯಲ್ಲಿ.

ತರಬೇತಿ ಮುಗಿದ ಮೇಲೆ ವಿಷಯ ಬೇರೆ. ಮಾದರಿಯೊಳಗೆ ನಿಮ್ಮ ಸಂಭಾಷಣೆ ಒಂದು ಕಡತವಾಗಿ ಇರುವುದಿಲ್ಲ. ಕೋಟ್ಯಂತರ ಅಂಕಿಗಳನ್ನು ಅದು ಅಷ್ಟಿಷ್ಟು ಅತ್ತಿತ್ತ ಸರಿಸಿರುತ್ತದೆ. ಮೊಸರಾದ ಹಾಲಿನಿಂದ ಹೆಪ್ಪಿನ ಹನಿಯನ್ನು ಬೇರೆ ತೆಗೆಯುವುದು ಎಷ್ಟು ಸಾಧ್ಯವೋ, ಕಲಿತ ಮಾದರಿಯಿಂದ ಒಬ್ಬರ ಮಾತನ್ನು ತೆಗೆಯುವುದೂ ಅಷ್ಟೇ ಸಾಧ್ಯ. ಕಲಿತದ್ದನ್ನು ಮರೆಸುವ ವಿಧಾನಗಳ ಬಗ್ಗೆ ಸಂಶೋಧನೆ ನಡೆದಿದೆ. ಆದರೆ ಒಬ್ಬ ಬಳಕೆದಾರ ಕೇಳಿದ ಕೂಡಲೇ ಅವನ ಪಾಲನ್ನು ಕಿತ್ತು ಕೊಡುವ ಸೇವೆಯನ್ನು ಈ ಕಂಪನಿಗಳು ಕೊಡುತ್ತಿಲ್ಲ. ಉಳಿಯುವುದಕ್ಕೆ ಗಡುವು ಇದೆ, ಓದುವುದಕ್ಕೆ ಕಾವಲು ಇದೆ. ಕಲಿತದ್ದಕ್ಕೆ ಮಾತ್ರ ವಾಪಸಿನ ದಾರಿ ಇಲ್ಲ. ಆ ಕಾರಣಕ್ಕೇ, ಮೂರರಲ್ಲಿ ಒಂದಕ್ಕಷ್ಟೇ ಉತ್ತರಿಸಿದರೂ ಈ ಸ್ವಿಚ್ ಮುಖ್ಯವಾಗುತ್ತದೆ.

ದಾವಣಗೆರೆಯ ಒಂದು ಉದಾಹರಣೆ

ಒಬ್ಬರನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯಲ್ಲಿ ಒಬ್ಬ ಲೆಕ್ಕಪರಿಶೋಧಕಿ ಇದ್ದಾರೆ. ಮೂವರು ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ನಡೆಸುವ ಅಕ್ಕಿ ಗಿರಣಿ ಅವರ ಕಕ್ಷಿದಾರ ಸಂಸ್ಥೆ. ಅಣ್ಣತಮ್ಮಂದಿರಿಗೆ ಮನಸ್ತಾಪವಾಗಿ ಪಾಲುದಾರಿಕೆ ಮುರಿಯಬೇಕಾಗಿದೆ. ಮಾರ್ಚ್ 3ರಂದು ಈಕೆ ತಮ್ಮ ಚಾಟ್‌ಜಿಪಿಟಿ ಖಾತೆಗೆ ಹಳೆಯ ಪಾಲುದಾರಿಕೆ ಪತ್ರವನ್ನೂ ತಮ್ಮ ಟಿಪ್ಪಣಿಗಳನ್ನೂ ಪೂರ್ತಿ ಅಂಟಿಸುತ್ತಾರೆ. ಮೂವರ ಹೆಸರು, ಬ್ಯಾಂಕಿನ ಸಾಲ, ಗಿರಣಿ ಇರುವ ಹಳ್ಳಿ, ಎರಡನೆಯ ತಮ್ಮ ಲೆಕ್ಕದಲ್ಲಿ ತೋರಿಸದೆ ತೆಗೆದ ಹಣ, ಎಲ್ಲವೂ ಅವುಗಳಲ್ಲಿದೆ. ಕನ್ನಡದಲ್ಲಿ ವಿಸರ್ಜನಾ ಪತ್ರದ ಕರಡು ಬೇಕೆಂದು ಕೇಳುತ್ತಾರೆ. ಬಂದ ಕನ್ನಡ ಒರಟಾಗಿದೆ. ಬೇಸರದಿಂದ ಕೆಳಗಿನ ಹೆಬ್ಬೆರಳು ಕೆಳಮುಖದ ಗುರುತನ್ನು ಒತ್ತಿ ಸುಮ್ಮನಾಗುತ್ತಾರೆ. ಸ್ವಿಚ್ ಆಗ ಆನ್ ಇದೆ.

ಮಾರ್ಚ್ 17ರಂದು ಸಹೋದ್ಯೋಗಿಯೊಬ್ಬರು ಸ್ವಿಚ್ಚಿನ ವಿಷಯ ಹೇಳುತ್ತಾರೆ. ಈಕೆ ತಕ್ಷಣ ಅದನ್ನು ಆರಿಸುತ್ತಾರೆ. ಮಾರ್ಚ್ 3ರ ಮಾತು ಈಗ ಎಲ್ಲಿದೆ? ಅದು ಖಾತೆಯಲ್ಲಿ ಹಾಗೆಯೇ ಇದೆ. ಕಂಪನಿಯ ಭರವಸೆ ಸ್ವಿಚ್ ಆರಿಸಿದ ಮೇಲಿನ ಹೊಸ ಸಂಭಾಷಣೆಗಳಿಗೆ ಸಂಬಂಧಿಸಿದ್ದು. ಹಳೆಯದನ್ನು ಆ ಎರಡು ವಾರಗಳಲ್ಲಿ ತರಬೇತಿಗೆ ಆಯ್ದುಕೊಂಡಿದ್ದಾರೋ ಇಲ್ಲವೋ ಈಕೆಗೆ ತಿಳಿಯುವ ದಾರಿ ಇಲ್ಲ. ಆದ್ದರಿಂದ ಸ್ವಿಚ್ ಆರಿಸುವುದರ ಜೊತೆಗೆ ಆ ಸಂಭಾಷಣೆಯನ್ನು ಅಳಿಸಬೇಕು. ಅಳಿಸಿದ ಕೂಡಲೇ ಅದು ಪರದೆಯಿಂದ ಹೋಗುತ್ತದೆ. ಕಂಪನಿಯ ವ್ಯವಸ್ಥೆಯಿಂದ ಹೋಗಲು 30 ದಿನಗಳವರೆಗೆ ಹಿಡಿಯುತ್ತದೆ. ಅದಕ್ಕೂ ಎರಡು ವಿನಾಯಿತಿಗಳಿವೆ. ಭದ್ರತೆ ಅಥವಾ ಕಾನೂನಿನ ಕಾರಣಕ್ಕೆ ಇಟ್ಟುಕೊಳ್ಳಬೇಕಾದದ್ದು ಉಳಿಯುತ್ತದೆ. ಆ ವೇಳೆಗಾಗಲೇ ಗುರುತು ತೆಗೆದು ಖಾತೆಯಿಂದ ಬೇರ್ಪಡಿಸಿದ್ದೂ ಉಳಿಯುತ್ತದೆ. ಖಾತೆಯೊಂದಿಗೆ ಕೊಂಡಿ ಕಡಿದ ಮೇಲೆ, ಅಳಿಸು ಎಂದು ಕೇಳಿದರೂ ಯಾವುದನ್ನು ಅಳಿಸಬೇಕೆಂದು ಹುಡುಕಲು ಸೂತ್ರವೇ ಇರುವುದಿಲ್ಲ.

ಏಪ್ರಿಲ್ 2ರಂದು ಇನ್ನೊಬ್ಬ ಕಕ್ಷಿದಾರರ ಕೆಲಸ. ಸ್ವಿಚ್ ಆಫ್ ಇದೆ. ಈ ಸಲ ಉತ್ತರ ಚೆನ್ನಾಗಿ ಬಂದಿದೆ. ಈಕೆ ಸಂತೋಷದಿಂದ ಹೆಬ್ಬೆರಳು ಮೇಲ್ಮುಖದ ಗುರುತು ಒತ್ತುತ್ತಾರೆ. ಇದು ಬಹುತೇಕರು ಎಡವುವ ಜಾಗ. ಪ್ರತಿಕ್ರಿಯೆ ಕೊಟ್ಟರೆ ಅದಕ್ಕೆ ಸಂಬಂಧಿಸಿದ ಸಂಭಾಷಣೆಯನ್ನು ಪೂರ್ತಿಯಾಗಿ ತರಬೇತಿಗೆ ಬಳಸಬಹುದು ಎಂದು ಓಪನ್‌ಎಐ ನಿಯಮ ಹೇಳುತ್ತದೆ. ಸ್ವಿಚ್ ಆಫ್ ಇದ್ದರೂ ಇದು ಅನ್ವಯಿಸುತ್ತದೆ. ಒತ್ತಿದ್ದು ಒಂದು ಉತ್ತರದ ಕೆಳಗೆ, ಹೋದದ್ದು ಇಡೀ ಮಾತುಕತೆ. ಆ ಹೆಬ್ಬೆರಳಿನ ಗುರುತು ಮೆಚ್ಚುಗೆಯ ಸೂಚನೆಯಂತೆ ಕಾಣುತ್ತದೆ. ಕೆಲಸದಲ್ಲಿ ಅದು ಆ ಒಂದು ಸಂಭಾಷಣೆಗೆ ಕೊಟ್ಟ ಅನುಮತಿ ಪತ್ರ. ಗೋಪ್ಯ ವಿಷಯವಿರುವಲ್ಲಿ ಮೇಲಕ್ಕೂ ಒತ್ತಬಾರದು, ಕೆಳಕ್ಕೂ ಒತ್ತಬಾರದು.

ಗುರುತು ತೆಗೆಯುವುದರ ಬಗ್ಗೆ ಒಂದು ಮಾತು ಸೇರಿಸಬೇಕು. ಇಂಗ್ಲಿಷಿನಲ್ಲಿ ವ್ಯಕ್ತಿಯ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತದೆ, ಪದವಾಗಿ ಒಂಟಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಬಸವರಾಜಪ್ಪನವರಿಂದಲೂ ಎಂದು ಬರೆದರೆ ಹೆಸರಿಗೆ ಗೌರವವೂ ವಿಭಕ್ತಿಯೂ ಅಂಟಿಕೊಂಡು ಒಂದೇ ಪದವಾಗಿ ನಿಲ್ಲುತ್ತದೆ. ಚಂದ್ರ, ಮಂಜು ಎಂಬ ಸಾಮಾನ್ಯ ಪದಗಳು ಹೆಸರೂ ಹೌದು. ಹೆಸರು ಹುಡುಕುವ ತಂತ್ರಾಂಶಗಳಿಗೆ ಭಾರತೀಯ ಭಾಷೆಗಳಲ್ಲಿ ಇದು ಗೊತ್ತಿರುವ ಕಷ್ಟ. ಒಂದು ವೇಳೆ ಮೂವರ ಹೆಸರೂ ಅಳಿದುಹೋದವು ಎನ್ನೋಣ. ಇಂಥ ಹಳ್ಳಿಯ ಅಕ್ಕಿ ಗಿರಣಿ, ಮೂವರು ಅಣ್ಣತಮ್ಮಂದಿರು, ಇಷ್ಟು ಸಾಲ ಎಂಬ ಕಥೆ ಹಾಗೆಯೇ ಉಳಿಯುತ್ತದೆ. ಆ ಊರಿನವರಿಗೆ ಅಷ್ಟು ಸಾಕು.

ಹಾಗಾದರೆ ನಾಳೆ ಮಾದರಿ ಆ ಕಥೆಯನ್ನು ಬೇರೆಯವರ ಮುಂದೆ ಒದರಿಬಿಡುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಆದರೆ ಅಸಾಧ್ಯವೂ ಅಲ್ಲ. ನಿಕೋಲಸ್ ಕಾರ್ಲಿನಿ ಮತ್ತು ಸಂಗಡಿಗರು ಜಿಪಿಟಿ-2 ಮಾದರಿಯಿಂದ ಅದರ ತರಬೇತಿ ಪಠ್ಯದ 600ಕ್ಕೂ ಹೆಚ್ಚು ತುಣುಕುಗಳನ್ನು ಅಕ್ಷರಶಃ ಹೊರತೆಗೆದು ತೋರಿಸಿದರು; ಅದರಲ್ಲಿ ಹೆಸರು, ಫೋನ್ ಸಂಖ್ಯೆ, ಇಮೇಲ್ ವಿಳಾಸಗಳೂ ಇದ್ದವು. 2023ರಲ್ಲಿ ಚಾಟ್‌ಜಿಪಿಟಿಗೆ ಒಂದೇ ಪದವನ್ನು ಸತತವಾಗಿ ಪುನರುಚ್ಚರಿಸುವಂತೆ ಹೇಳಿ ಅದೇ ಬಗೆಯ ಸೋರಿಕೆ ಸಾಧ್ಯವೆಂದು ತೋರಿಸಿದರು. ಆಗ ಹೊರಬಂದದ್ದು ಅಂತರ್ಜಾಲದಿಂದ ತೆಗೆದ ಪಠ್ಯ, ಬಳಕೆದಾರರ ಚಾಟ್ ಅಲ್ಲ. ಅದನ್ನು ಉತ್ಪ್ರೇಕ್ಷೆ ಮಾಡಬಾರದು. ಮಾದರಿ ಕೆಲವೊಮ್ಮೆ ಬಾಯಿಪಾಠ ಮಾಡಿಬಿಡುತ್ತದೆ ಎಂಬ ತತ್ವ ಮಾತ್ರ ಅದರಿಂದ ಸಾಬೀತಾಯಿತು. ಹೆಚ್ಚು ಸಲ ಪುನರಾವರ್ತನೆಯಾದ ಪಠ್ಯ ಹೆಚ್ಚು ಬಾಯಿಪಾಠವಾಗುತ್ತದೆ. ಒಂದೇ ಸಲ ಅಂಟಿಸಿದ ಪತ್ರಕ್ಕೆ ಅಪಾಯ ಕಡಿಮೆ. ಆದರೆ ಅದು ಸೊನ್ನೆಯಲ್ಲ.

ಒಂದೇ ಬಗೆಯ ಸ್ವಿಚ್, ಬೇರೆ ಬೇರೆ ಅರ್ಥ

ಇಲ್ಲಿಯವರೆಗೆ ಹೇಳಿದ್ದು ಒಂದು ಕಂಪನಿಯ ನಿಯಮ. ಇನ್ನೊಂದಕ್ಕೆ ಹೋದರೆ ಸ್ವಿಚ್ಚಿನ ಹಿಂದಿನ ವೈರಿಂಗ್ ಬೇರೆ.

ಆಂತ್ರೋಪಿಕ್ ಕಂಪನಿಯ ಕ್ಲಾಡ್ ಬಹುಕಾಲ ಸಾಮಾನ್ಯ ಬಳಕೆದಾರರ ಮಾತನ್ನು ತಾನಾಗಿ ತರಬೇತಿಗೆ ಬಳಸುತ್ತಿರಲಿಲ್ಲ. 2025ರ ಆಗಸ್ಟ್ 28ರಂದು ಆ ನಿಯಮ ಬದಲಾಯಿತು. ಬಳಕೆದಾರರ ಮುಂದೆ ಒಂದು ಕಿಟಕಿ ತೆರೆದುಕೊಂಡಿತು. ಅದರಲ್ಲಿ ಅನುಮತಿಯ ಗುರುತು ಮೊದಲೇ ಆನ್ ಆಗಿತ್ತು. ಆಯ್ಕೆಗೆ ಕೊಟ್ಟ ಗಡುವು ಮುಂದೆ ಅಕ್ಟೋಬರ್ 8ಕ್ಕೆ ಬಂತು. ಇಲ್ಲಿ ಸ್ವಿಚ್ಚಿಗೆ ಇನ್ನೊಂದು ಕೆಲಸವೂ ಇದೆ. ಆನ್ ಇದ್ದರೆ ಸಂಭಾಷಣೆಯನ್ನು 5 ವರ್ಷದವರೆಗೆ ಇಟ್ಟುಕೊಳ್ಳಬಹುದು. ಆಫ್ ಇದ್ದರೆ ಹಳೆಯ 30 ದಿನಗಳ ಪದ್ಧತಿಯೇ ಮುಂದುವರಿಯುತ್ತದೆ. ಹೀಗಾಗಿ ಅದು ಕಲಿಕೆಯ ಜೊತೆಗೆ ಉಳಿಕೆಯನ್ನೂ ಬದಲಿಸುತ್ತದೆ. ಅನುಮತಿ ಹಿಂದಕ್ಕೆ ಪಡೆದರೆ ಹಿಂದೆ ಸಂಗ್ರಹಿಸಿದ ಮಾತುಗಳನ್ನೂ ಮುಂದಿನ ತರಬೇತಿಯಿಂದ ಹೊರಗಿಡುವುದಾಗಿ ಆ ಕಂಪನಿ ಹೇಳಿದೆ. ಆದರೆ ಶುರುವಾಗಿಬಿಟ್ಟ ತರಬೇತಿಯಿಂದ, ತಯಾರಾಗಿಬಿಟ್ಟ ಮಾದರಿಯಿಂದ ತೆಗೆಯಲು ಬರುವುದಿಲ್ಲ ಎಂದೂ ಅಲ್ಲೇ ಹೇಳಿದೆ. ಇನ್ನೊಂದು ಸೂಕ್ಷ್ಮವಿದೆ. ಅನುಮತಿ ಹೊಸ ಸಂಭಾಷಣೆಗಳಿಗೂ ಮತ್ತೆ ತೆರೆದು ಮುಂದುವರಿಸಿದ ಹಳೆಯ ಸಂಭಾಷಣೆಗಳಿಗೂ ಅನ್ವಯಿಸುತ್ತದೆ. ಒಂದು ವರ್ಷದ ಹಿಂದಿನ ಮಾತುಕತೆಗೆ ಇಂದು ಒಂದು ಸಾಲು ಸೇರಿಸಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಗೂಗಲ್‌ನ ಜೆಮಿನೈ ಮತ್ತೊಂದು ಬಗೆ. ಅಲ್ಲಿ ಸ್ವಿಚ್ಚಿನ ಹೆಸರು Keep Activity. ಅದನ್ನು ಆರಿಸಿದರೆ ನಿಮ್ಮ ಹಳೆಯ ಮಾತುಗಳ ದಾಖಲೆಯ ಸೌಲಭ್ಯವೂ ಹೋಗುತ್ತದೆ. 2023ರ ಚಾಟ್‌ಜಿಪಿಟಿಯಲ್ಲಿ ಇದ್ದ ತೊಡಕು ಇದು. ಆರಿಸಿದ ಮೇಲೂ ಸೇವೆ ನಡೆಸಲು ಮತ್ತು ಸುರಕ್ಷತೆಗಾಗಿ ಸಂಭಾಷಣೆ 72 ಗಂಟೆಯವರೆಗೆ ಉಳಿಯುತ್ತದೆ. ಆನ್ ಇದ್ದಾಗ 18 ತಿಂಗಳಿಗೆ ತಾನಾಗಿ ಅಳಿಯುವಂತೆ ಇಟ್ಟಿರುತ್ತಾರೆ. ಅದನ್ನು 3 ತಿಂಗಳಿಗೆ ಇಳಿಸಬಹುದು, 36 ತಿಂಗಳಿಗೆ ಏರಿಸಬಹುದು. ಮನುಷ್ಯ ಪರಿಶೀಲಕರು ಓದಿದ ಸಂಭಾಷಣೆಗಳ ವಿಷಯ ಬೇರೆ. ಅವನ್ನು ಖಾತೆಯಿಂದ ಬೇರ್ಪಡಿಸಿ 3 ವರ್ಷದವರೆಗೆ ಇಡುತ್ತಾರೆ; ನೀವು ನಿಮ್ಮ ಕಡೆಯಿಂದ ಅಳಿಸಿದರೂ ಅವು ಅಳಿಯುವುದಿಲ್ಲ. ಪರಿಶೀಲಕರು ನೋಡಬಾರದಂಥ ಗೋಪ್ಯ ವಿಷಯ ಬರೆಯಬೇಡಿ ಎಂದು ಗೂಗಲ್ ತಾನೇ ಎಚ್ಚರಿಸುತ್ತದೆ.

ಈ ಅಂಕಿಗಳನ್ನೆಲ್ಲ ನೀವು ಕಂಠಪಾಠ ಮಾಡಬೇಕಿಲ್ಲ. ನಿಯಮಗಳು ಬದಲಾಗುತ್ತಲೂ ಇರುತ್ತವೆ. ಪ್ರತಿ ಸೇವೆಯಲ್ಲೂ ಕೇಳಬೇಕಾದದ್ದು ಇಷ್ಟೇ: ಆರಿಸಿದರೆ ಹಳೆಯ ಮಾತುಗಳಿಗೂ ಅನ್ವಯವೇ, ಹೊಸದಕ್ಕೆ ಮಾತ್ರವೇ? ಉಳಿಯುವ ಅವಧಿ ಬದಲಾಗುತ್ತದೆಯೇ? ಹೆಬ್ಬೆರಳಿನ ಗುರುತಿಗೆ ಬೇರೆ ನಿಯಮ ಇದೆಯೇ?

ನ್ಯಾಯಾಲಯದ ಒಂದು ಆದೇಶ

ಸ್ವಿಚ್ಚಿನ ಮಿತಿ ಜಗತ್ತಿಗೆ ಸ್ಪಷ್ಟವಾದದ್ದು 2025ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2023ರ ಡಿಸೆಂಬರ್‌ನಲ್ಲಿ ಓಪನ್‌ಎಐ ಮೇಲೆ ಕೃತಿಸ್ವಾಮ್ಯದ ದಾವೆ ಹೂಡಿತ್ತು. ತಮ್ಮ ಲೇಖನಗಳನ್ನು ಚಾಟ್‌ಜಿಪಿಟಿ ಉತ್ತರಗಳಲ್ಲಿ ಕೊಡುತ್ತಿದೆ ಎಂಬುದಕ್ಕೆ ಸಾಕ್ಷ್ಯ ಅಳಿದುಹೋಗಬಾರದು ಎಂಬುದು ವಾದಿಗಳ ಬೇಡಿಕೆ. 2025ರ ಮೇ 13ರಂದು ಮ್ಯಾಜಿಸ್ಟ್ರೇಟ್ ನ್ಯಾಯಾಧೀಶೆ ಓನಾ ವಾಂಗ್ ಒಂದು ಆದೇಶ ಕೊಟ್ಟರು: ಇಲ್ಲದಿದ್ದರೆ ಅಳಿಸಿಹೋಗುತ್ತಿದ್ದ ಉತ್ತರಗಳ ದಾಖಲೆಗಳನ್ನು ಕಾಯ್ದಿರಿಸಬೇಕು.

ಇದರ ಅರ್ಥ ಗಮನಿಸಿ. ಬಳಕೆದಾರರು ಅಳಿಸಿದ ಸಂಭಾಷಣೆಗಳೂ, 30 ದಿನಕ್ಕೆ ತಾನಾಗಿ ಹೋಗಬೇಕಿದ್ದ ತಾತ್ಕಾಲಿಕ ಚಾಟ್‌ಗಳೂ ಉಳಿದವು. ತರಬೇತಿಯ ಸ್ವಿಚ್ ಆರಿಸಿದವರಿಗೂ ಇದರಿಂದ ಬಿಡುಗಡೆ ಇರಲಿಲ್ಲ. ಕೋರ್ಟಿನ ಪ್ರಶ್ನೆ ತರಬೇತಿಯದ್ದಲ್ಲ, ದಾಖಲೆಯದ್ದು. ಸಂಸ್ಥೆಗಳಿಗೆಂದು ಕೊಡುವ ಎಂಟರ್‌ಪ್ರೈಸ್ ಮತ್ತು ಶಿಕ್ಷಣ ಖಾತೆಗಳು ಇದರ ಹೊರಗಿದ್ದವು. ಹೊಸ ಸಂಭಾಷಣೆಗಳನ್ನು ಹೀಗೆ ಕಾಯ್ದಿಡುವ ಹೊಣೆ ಸೆಪ್ಟೆಂಬರ್ 26ಕ್ಕೆ ಮುಗಿಯಿತು. ಆದರೆ ನವೆಂಬರ್‌ನಲ್ಲಿ ಅದೇ ಮೊಕದ್ದಮೆಯಲ್ಲಿ ಗುರುತು ತೆಗೆದ 2 ಕೋಟಿ ಸಂಭಾಷಣೆಗಳನ್ನು ವಾದಿಗಳ ಪರಿಶೀಲನೆಗೆ ಕೊಡಬೇಕೆಂಬ ಆದೇಶ ಬಂತು. ನಮ್ಮ ದಾವಣಗೆರೆಯ ಲೆಕ್ಕಪರಿಶೋಧಕಿ ಆ ವರ್ಷದ ಜೂನ್‌ನಲ್ಲಿ ಸ್ವಿಚ್ ಆರಿಸಿ, ಸಂಭಾಷಣೆ ಅಳಿಸಿ, ಮಾಡಬೇಕಾದದ್ದನ್ನೆಲ್ಲ ಮಾಡಿದ್ದರೂ, ಅವರು ಪಕ್ಷಗಾರರೇ ಅಲ್ಲದ ದೂರದ ಒಂದು ಮೊಕದ್ದಮೆಗಾಗಿ ಅವರು ಅಳಿಸಿದ ಪಠ್ಯ ಉಳಿಯುತ್ತಿತ್ತು. ಕಂಪನಿಯ ಭರವಸೆ ಕಂಪನಿಯ ಕೈಯಲ್ಲಿರುವಷ್ಟಕ್ಕೆ ಮಾತ್ರ.

ಆರಿದೆಯೋ ಇಲ್ಲವೋ ತಿಳಿಯುವುದು ಹೇಗೆ

ಅನೇಕರು ಸ್ವಿಚ್ ಆರಿಸಿದ ಮೇಲೆ ಪರೀಕ್ಷೆ ಮಾಡಲು ಹೊಸ ಚಾಟ್ ತೆರೆದು, ನನ್ನ ಬಗ್ಗೆ ನಿನಗೇನು ಗೊತ್ತು ಎಂದು ಕೇಳುತ್ತಾರೆ. ನೀವು ಮೈಸೂರಿನವರು, ಮಗಳು ಪಿಯುಸಿ ಓದುತ್ತಿದ್ದಾಳೆ ಎಂದು ಉತ್ತರ ಬರುತ್ತದೆ. ಸ್ವಿಚ್ ಮೋಸ ಎಂದು ಸಿಟ್ಟಾಗುತ್ತಾರೆ. ಇದು ತಪ್ಪು ತಿಳಿವಳಿಕೆ. ಅದು ನೆನಪು ಎಂಬ ಬೇರೆ ಸೌಲಭ್ಯ. ನಿಮ್ಮ ಹಿಂದಿನ ಮಾತುಗಳಿಂದ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ಪ್ರತಿ ಹೊಸ ಚಾಟ್‌ನ ಆರಂಭದಲ್ಲಿ ಮಾದರಿಗೆ ಓದಲು ಕೊಡುತ್ತಾರೆ. ಅದು ನಿಮ್ಮ ಖಾತೆಯಲ್ಲಷ್ಟೇ ಬಳಕೆಯಾಗುತ್ತದೆ, ಅದಕ್ಕೆ ಬೇರೊಂದು ಸ್ವಿಚ್ ಇದೆ, ಬರೆದಿಟ್ಟದ್ದನ್ನು ಅಳಿಸಲೂಬಹುದು. ತರಬೇತಿ ಎಂದರೆ ಮಾದರಿಯೇ ಬದಲಾಗುವುದು, ಅದು ಎಲ್ಲರಿಗೂ ಬದಲಾಗುವುದು. ನೆನಪಿನ ಸ್ವಿಚ್ ಆರಿಸಿದವರು ತರಬೇತಿಯೂ ನಿಂತಿತು ಎಂದುಕೊಳ್ಳುವುದು ಇದರ ವಿರುದ್ಧ ದಿಕ್ಕಿನ ತಪ್ಪು, ಮತ್ತು ಹೆಚ್ಚು ಅಪಾಯದ್ದು.

ನನ್ನ ಮಾತಿನಿಂದ ನೀನು ಕಲಿತಿದ್ದೀಯಾ ಎಂದು ಮಾದರಿಯನ್ನೇ ಕೇಳುವುದೂ ವ್ಯರ್ಥ. ತನ್ನ ತರಬೇತಿಗೆ ಯಾವ ಕಡತ ಹೋಯಿತೆಂಬ ಪಟ್ಟಿ ಅದರ ಬಳಿ ಇರುವುದಿಲ್ಲ; ಹೌದೆಂದರೂ ಇಲ್ಲವೆಂದರೂ ಅದು ಊಹೆ. ಹೊರಗಿನಿಂದ ನೀವು ಪರೀಕ್ಷಿಸಬಹುದಾದದ್ದು ಮೂರೇ: ಸ್ವಿಚ್ ಯಾವ ಸ್ಥಿತಿಯಲ್ಲಿದೆ, ಖಾತೆಯಲ್ಲಿ ಏನೇನು ಉಳಿದಿದೆ, ಅಂದಿನ ನಿಯಮ ಏನು ಹೇಳುತ್ತದೆ. ಸ್ವಿಚ್ ಒಂದು ಖಾತೆಗೆ ಸೇರಿದ್ದು ಎಂಬುದನ್ನೂ ಮರೆಯಬಾರದು. ಕಚೇರಿಯ ಇಮೇಲ್‌ನಿಂದ ಒಂದು, ಸ್ವಂತ ಇಮೇಲ್‌ನಿಂದ ಒಂದು ಖಾತೆ ಇದ್ದರೆ ಎರಡರಲ್ಲೂ ಬೇರೆ ಬೇರೆಯಾಗಿ ನೋಡಬೇಕು. ಅದರಾಚೆಗಿನದು ನಂಬಿಕೆ, ನಂಬಿಕೆ ಮುರಿದರೆ ಕಾನೂನು.

ನನ್ನ ಸ್ವಿಚ್, ಬೇರೆಯವರ ಮಾತು

ನಮ್ಮ ಕಾನೂನು ಏನು ಹೇಳುತ್ತದೆ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು; ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ಕಾಯ್ದೆಯ 6ನೇ ಕಲಮು ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕು ಕೊಡುತ್ತದೆ. ಕೊಡುವುದು ಎಷ್ಟು ಸುಲಭವಿತ್ತೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕು ಎನ್ನುತ್ತದೆ. ಆದರೆ ಹಿಂಪಡೆಯುವ ಮೊದಲು ನಡೆದ ಬಳಕೆ ಅದರಿಂದ ಅಕ್ರಮವಾಗುವುದಿಲ್ಲ ಎಂದೂ ಅದೇ ಕಲಮಿನಲ್ಲಿದೆ. ತಂತ್ರಜ್ಞಾನ ಹೇಳಿದ್ದನ್ನೇ ಕಾನೂನೂ ಹೇಳುತ್ತಿದೆ: ಬೇಡ ಎಂಬ ಮಾತು ಮುಂದಕ್ಕೆ ಓಡುತ್ತದೆ, ಹಿಂದಕ್ಕೆ ಓಡುವುದಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಒಂದಿದೆ. ಗಿರಣಿಯ ಮೂವರು ಅಣ್ಣತಮ್ಮಂದಿರು ಒಪ್ಪಿಗೆ ಕೊಟ್ಟಿದ್ದರೇ? ಅವರ ಪೈಕಿ ಯಾರಿಗೂ ಚಾಟ್‌ಜಿಪಿಟಿ ಖಾತೆಯೇ ಇಲ್ಲದಿರಬಹುದು. ಖಾತೆ ಇದ್ದು, ಅದರಲ್ಲಿ ಸ್ವಿಚ್ ಆರಿಸಿದ್ದರೂ ಪ್ರಯೋಜನವಿಲ್ಲ. ಅವರ ಮಾತು ಹೋದದ್ದು ಲೆಕ್ಕಪರಿಶೋಧಕಿಯ ಖಾತೆಯಿಂದ. ನಾನು ನನ್ನ ಸ್ವಿಚ್ ಆರಿಸಿದರೆ ನಾನು ಬರೆದದ್ದಕ್ಕೆ ರಕ್ಷಣೆ, ನನ್ನ ಬಗ್ಗೆ ಬೇರೆಯವರು ಬರೆದದ್ದಕ್ಕೆ ಅಲ್ಲ. ವೈದ್ಯರು ರೋಗಿಯ ವರದಿ ಅಂಟಿಸಿದಾಗ, ಶಿಕ್ಷಕರು ಮಕ್ಕಳ ಹೆಸರಿರುವ ಅಂಕಪಟ್ಟಿ ಅಂಟಿಸಿದಾಗ, ವಕೀಲರು ಕಕ್ಷಿದಾರರ ಹೇಳಿಕೆ ಅಂಟಿಸಿದಾಗ, ಆ ಸ್ವಿಚ್ ಒಬ್ಬರ ಕೈಯಲ್ಲಿದೆ, ವಿಷಯ ಇನ್ನೊಬ್ಬರದ್ದು. ಆದ್ದರಿಂದ ಈ ವೃತ್ತಿಗಳಲ್ಲಿರುವವರಿಗೆ ಸ್ವಿಚ್ ಆರಿಸುವುದು ಸಾಲದು. ಹೆಸರು, ಊರು, ಮೊತ್ತಗಳನ್ನು ಅಂಟಿಸುವ ಮೊದಲೇ ತಾವೇ ಬದಲಿಸಬೇಕು. ಕೆಲಸ ನಿತ್ಯದ್ದಾದರೆ ಸಂಸ್ಥೆಯ ಖಾತೆ ಪಡೆಯಬೇಕು. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕಚೇರಿಯ ಕಂಪ್ಯೂಟರ್‌ಗಳಲ್ಲಿ ಇಂಥ ಸೇವೆಗಳ ಬಳಕೆ ಬೇಡವೆಂದು ತನ್ನ ಸಿಬ್ಬಂದಿಗೆ ಸೂಚಿಸಿದ್ದು ದಾಖಲೆಗಳ ಗೋಪ್ಯತೆಯ ಕಾರಣಕ್ಕೇ.

ಕನ್ನಡಕ್ಕಾಗಿ ಆನ್ ಇಡೋಣವೇ?

ಕೊನೆಯದಾಗಿ ಒಂದು ವಾದವನ್ನು ಎದುರಿಸಬೇಕು. ಅಂತರ್ಜಾಲದಲ್ಲಿ ಕನ್ನಡ ಪಠ್ಯ ಕಡಿಮೆ. ಮಾದರಿಗಳ ಕನ್ನಡ ಸುಧಾರಿಸಬೇಕಾದರೆ ಕನ್ನಡಿಗರ ಮಾತು ಅವುಗಳಿಗೆ ಸಿಗಬೇಕು. ಎಲ್ಲರೂ ಸ್ವಿಚ್ ಆರಿಸಿದರೆ ನಷ್ಟ ಕನ್ನಡಕ್ಕೇ ಅಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಈ ವಾದದಲ್ಲಿ ಹುರುಳಿದೆ. ಹುಬ್ಬಳ್ಳಿಯ ಮಾತು, ಕುಂದಾಪುರದ ಮಾತು, ಜನ ನಿಜವಾಗಿ ಕೇಳುವ ಪ್ರಶ್ನೆಗಳು ಪುಸ್ತಕಗಳಲ್ಲಿ ಸಿಗುವುದಿಲ್ಲ, ಸಿಗುವುದು ಸಂಭಾಷಣೆಯಲ್ಲೇ. ಅಡುಗೆ, ಬೇಸಾಯ, ವ್ಯಾಕರಣ, ಸಿನಿಮಾ ಬಗ್ಗೆ ಮಾತ್ರ ಕೇಳುವವರು ತಿಳಿದೇ ಸ್ವಿಚ್ ಆನ್ ಇಟ್ಟರೆ ನಾನು ತಪ್ಪೆನ್ನುವುದಿಲ್ಲ.

ಆದರೆ ನುಡಿಸೇವೆಯ ಹೆಸರಿನಲ್ಲಿ ಮನೆಯ ಮಾತನ್ನು ಒಪ್ಪಿಸಬೇಕಿಲ್ಲ. ಆಯ್ದು ಕೊಡಲು ಬೇರೆ ದಾರಿಗಳಿವೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯ ಭಾಷಾದಾನದಲ್ಲಿ ಧ್ವನಿ, ಅನುವಾದಗಳನ್ನು ಜನ ಸ್ವಇಚ್ಛೆಯಿಂದ ಕೊಡಬಹುದು. ಕನ್ನಡ ವಿಕಿಪೀಡಿಯದಲ್ಲಿ ಬರೆಯಬಹುದು. ಅಲ್ಲಿ ಬರೆದದ್ದು ಎಲ್ಲ ಕಂಪನಿಗಳಿಗೂ, ಎಲ್ಲ ಓದುಗರಿಗೂ ಮುಕ್ತ. ಹಾಗೆ ಕೊಟ್ಟದ್ದು ಏನೆಂದು ಕೊಟ್ಟವರಿಗೆ ಗೊತ್ತಿರುತ್ತದೆ. ಚಾಟ್‌ನಿಂದ ಹೋದದ್ದು ಏನೆಂದು ನಮಗೆ ಗೊತ್ತಿರುವುದಿಲ್ಲ, ಮತ್ತು ಅದು ಒಂದೇ ಕಂಪನಿಯ ಮನೆ ಸೇರುತ್ತದೆ.

ನನ್ನ ತೀರ್ಪು ಇದು. ಸೇವೆಯಿಂದ ಸೇವೆಗೆ ಇರುವ ವ್ಯತ್ಯಾಸ ಬಿಟ್ಟರೆ, ಈ ಸ್ವಿಚ್ ಅಳಿಸುವುದಿಲ್ಲ, ಮುಚ್ಚಿಡುವುದಿಲ್ಲ, ಹಿಂದಿನದನ್ನು ತಿದ್ದುವುದಿಲ್ಲ, ಬೇರೆಯವರ ಖಾತೆಯನ್ನು ಮುಟ್ಟುವುದಿಲ್ಲ. ಒಂದು ಕಂಪನಿ ಒಂದು ಖಾತೆಯ ಇಂದಿನಿಂದಾಚೆಗಿನ ಮಾತನ್ನು ಕಲಿಕೆಗೆ ತೆಗೆದುಕೊಳ್ಳುವುದನ್ನು ಅದು ತಡೆಯುತ್ತದೆ, ಅಷ್ಟೇ. ಕಲಿತದ್ದನ್ನು ಹಿಂದಕ್ಕೆ ಪಡೆಯಲಾಗದ್ದರಿಂದ, ಮೊದಲ ಸಾಲು ಟೈಪ್ ಮಾಡುವ ಮೊದಲೇ ಆ ನಿರ್ಧಾರ ಆಗಿರಬೇಕು. ಇಲ್ಲಿಂದ ಹೊರಟ ಮೇಲೆ ನಿಮ್ಮ ಫೋನಿನಲ್ಲಿರುವ ಪ್ರತಿ ಖಾತೆಯ ಸ್ಥಿತಿ ನೋಡಿ, ಬೇಡವಾದ ಹಳೆಯ ಸಂಭಾಷಣೆಗಳನ್ನು ಅಳಿಸಿ, ಮನೆಯ ಮಕ್ಕಳ ಮತ್ತು ಹಿರಿಯರ ಫೋನಿನಲ್ಲೂ ಅವರನ್ನು ಕೇಳಿಯೇ ಅದನ್ನು ಮಾಡಿ. ನಿಮ್ಮ ಕೆಲಸದ ವೇಳೆ ಇನ್ನೊಬ್ಬರ ಕಾಗದ ಕೈಯಲ್ಲಿದ್ದರೆ, ಸ್ವಿಚ್ ಯಾವ ಸ್ಥಿತಿಯಲ್ಲಿದ್ದರೂ, ಅವರ ಹೆಸರು ಅಳಿಸದೆ ಅದನ್ನು ಅಂಟಿಸಬೇಡಿ.